ಕಾಲುವೆಯಲ್ಲಿ ನೀರು ಎಷ್ಟು ಆಳ ನಿಲ್ಲುತ್ತದೆ? ಮ್ಯಾನಿಂಗ್ ಸೂತ್ರ ಮತ್ತು ಹಿಡಿತ ತಪ್ಪಿ ಓಡುವ ಲೆಕ್ಕ

[ಸ್ಕ್ರೀನ್: ಖಾಲಿ ಬಿಳಿ ಹಾಳೆ. ಮಾರ್ಕರ್‌ನಿಂದ ಕಾಲುವೆಯ ಅಡ್ಡಕೊಯ್ತ ಬರೆಯುತ್ತಾ]

ನಮಸ್ಕಾರ. ಇವತ್ತು ಒಂದೇ ಒಂದು ಲೆಕ್ಕ. ಮಣ್ಣಿನ ಕಾಲುವೆ, ತಳ ಸಪಾಟು, ಎರಡೂ ಪಕ್ಕ ಹೊರಗಡೆಗೆ ವಾಲಿದೆ. ಅಂದ್ರೆ ಟ್ರೆಪಿಜಾಯ್ಡಲ್ ಕಾಲುವೆ. ಇದರಲ್ಲಿ ಸೆಕೆಂಡಿಗೆ 10 ಘನ ಮೀಟರ್ ನೀರು ಬಿಡುತ್ತಾರೆ. ನೀರು ಎಷ್ಟು ಆಳ ಬರುತ್ತದೆ? ಅಷ್ಟೇ ಪ್ರಶ್ನೆ.

ಆಳ ಕೊಟ್ಟು ಹರಿವು ಕೇಳಿದ್ದರೆ ಎರಡು ನಿಮಿಷದ ಕೆಲಸ. ಸೂತ್ರಕ್ಕೆ ಹಾಕಿ, ಕ್ಯಾಲ್ಕುಲೇಟರ್ ಒತ್ತಿ, ಮುಗಿಯಿತು. ಹರಿವು ಕೊಟ್ಟು ಆಳ ಕೇಳಿದಾಗ ಮಾತ್ರ ತಲೆನೋವು ಶುರು, ಯಾಕೆ ಅಂತ ಈಗ ನೋಡೋಣ.

[ಸ್ಕ್ರೀನ್: ಚಿತ್ರದ ಮೇಲೆ ಅಳತೆಗಳು ಒಂದೊಂದಾಗಿ ಬರುತ್ತವೆ]

ತಳದ ಅಗಲ b, 3 ಮೀಟರ್. ಪಕ್ಕದ ಇಳಿಜಾರು z, 1.5. ಅಂದ್ರೆ 1 ಮೀಟರ್ ಮೇಲೆ ಹೋದರೆ 1.5 ಮೀಟರ್ ಪಕ್ಕಕ್ಕೆ ಹೋಗುತ್ತದೆ. ಇದನ್ನು ತಿರುಗಾಮುರುಗಾ ಮಾಡಬೇಡಿ. ನಾನು ಒಮ್ಮೆ ಡ್ರಾಯಿಂಗ್ ನೋಡುವಾಗ ಇದನ್ನೇ ಉಲ್ಟಾ ಓದಿಕೊಂಡಿದ್ದೆ, ಉತ್ತರ ನೋಡೋಕೆ ಚೆನ್ನಾಗಿಯೇ ಇತ್ತು, ಅದೇ ತೊಂದರೆ. ಈ ಕಾಲುವೆಯಲ್ಲೇ ಹಾಗೆ ಮಾಡಿದರೆ ಆಳ ಸುಮಾರು 40 ಸೆಂಟಿಮೀಟರ್ ಜಾಸ್ತಿ ಬರುತ್ತದೆ, ಯಾರಿಗೂ ಅನುಮಾನ ಬರಲ್ಲ.

ತಳದ ಇಳಿಜಾರು S, 0.0004. ಒಂದು ಕಿಲೋಮೀಟರ್ ಹೋದರೆ ತಳ 40 ಸೆಂಟಿಮೀಟರ್ ಇಳಿಯುತ್ತದೆ. ಕಣ್ಣಿಗೆ ಕಾಣಿಸೋದೇ ಇಲ್ಲ, ಆದರೆ ನೀರಿಗೆ ಸಾಕು. ಇನ್ನು ಒರಟುತನದ ಸಂಖ್ಯೆ n, ಮಣ್ಣಿನ ಕಾಲುವೆ ಅಂತ 0.025 ಇಟ್ಟುಕೊಳ್ಳೋಣ. ಇದರ ಬಗ್ಗೆ ಆಮೇಲೆ ಮಾತಾಡುವುದು ತುಂಬಾ ಇದೆ.

ಸೂತ್ರಕ್ಕೆ ಮುಂಚೆ ಒಂದು ಮಾತು. ನಾವು ಹುಡುಕುತ್ತಿರುವುದು ನಾರ್ಮಲ್ ಡೆಪ್ತ್. ನೀರನ್ನು ಅದರ ತೂಕ ಕೆಳಗಡೆಗೆ ಎಳೆಯುತ್ತಾ ಇರುತ್ತದೆ, ತಳ ಮತ್ತು ಪಕ್ಕಗಳು ತಿಕ್ಕಿ ತಡೆಯುತ್ತಾ ಇರುತ್ತವೆ. ಉದ್ದಕ್ಕೂ ಒಂದೇ ಥರ ಇರುವ ಕಾಲುವೆಯಲ್ಲಿ, ಸಾಕಷ್ಟು ದೂರ ಹೋದ ಮೇಲೆ ಎಳೆತ ಮತ್ತು ತಡೆ ಸರಿಸಮ ಆಗುತ್ತವೆ. ಆಮೇಲೆ ನೀರು ವೇಗ ಹೆಚ್ಚಿಸಿಕೊಳ್ಳುವುದೂ ಇಲ್ಲ, ಕಳೆದುಕೊಳ್ಳುವುದೂ ಇಲ್ಲ. ಆಳ ಎಲ್ಲ ಕಡೆ ಒಂದೇ, ನೀರಿನ ಮೇಲ್ಮೈ ತಳದ ಇಳಿಜಾರಿನಲ್ಲೇ ಇಳಿಯುತ್ತಾ ಹೋಗುತ್ತದೆ. ಇದೇ ಯೂನಿಫಾರ್ಮ್ ಫ್ಲೋ, ಆಗ ಇರುವ ಆಳವೇ ನಾರ್ಮಲ್ ಡೆಪ್ತ್. ಈ ಸ್ಥಿತಿ ಇಲ್ಲದ ಕಡೆ ಈ ಲೆಕ್ಕ ನಡೆಯಲ್ಲ.

[ಸ್ಕ್ರೀನ್: ಸೂತ್ರ]

```
Q = (1/n) · A · R^(2/3) · S^(1/2)
A = (b + z·y)·y
P = b + 2·y·√(1 + z²)
R = A / P
```

ಮೊದಲನೆಯದು ಮ್ಯಾನಿಂಗ್ ಸೂತ್ರ. ಐರ್ಲೆಂಡಿನ ಇಂಜಿನಿಯರ್ ರಾಬರ್ಟ್ ಮ್ಯಾನಿಂಗ್ 1889ರಲ್ಲಿ ಮಂಡಿಸಿದ್ದು. ಅದಕ್ಕಿಂತ ಮುಂಚೆ, 1867ರಲ್ಲಿ, ಫ್ರಾನ್ಸಿನ ಗೋಕ್ಲರ್ ಇದೇ ರೂಪದ ಸೂತ್ರ ಕೊಟ್ಟಿದ್ದರು, ಆದರೆ ಹೆಸರು ಉಳಿದದ್ದು ಮ್ಯಾನಿಂಗ್‌ದು. ಇದು ಅಳತೆಗಳಿಂದ ಹುಟ್ಟಿದ ಸೂತ್ರ. ಆ 2/3 ಅನ್ನೋದು ನಿಜವಾದ ಕಾಲುವೆಗಳ ಅಳತೆಗೆ ಹೊಂದಿಸಿಕೊಂಡು ಬಂದ ಘಾತ.

Q ಅಂದ್ರೆ ಹರಿವು, y ಅಂದ್ರೆ ನೀರಿನ ಆಳ. A ಅಂದ್ರೆ ನೀರಿನ ಅಡ್ಡಕೊಯ್ತದ ವಿಸ್ತೀರ್ಣ. P ಅಂದ್ರೆ ವೆಟೆಡ್ ಪೆರಿಮೀಟರ್, ನೀರು ಮುಟ್ಟಿಕೊಂಡಿರುವ ತಳ ಮತ್ತು ಪಕ್ಕಗಳ ಉದ್ದ. ಮೇಲಿನ ಗಾಳಿ ತಾಗುವ ಅಗಲ ಇದರಲ್ಲಿ ಸೇರಲ್ಲ, ಯಾಕಂದ್ರೆ ತಿಕ್ಕಾಟ ಇರುವುದು ಮಣ್ಣಿನ ಜೊತೆ. R ಅನ್ನುವುದು ಹೈಡ್ರಾಲಿಕ್ ರೇಡಿಯಸ್.

ಈಗ ಗೊತ್ತಿರುವುದನ್ನೆಲ್ಲ ಒಂದು ಕಡೆ ಹಾಕಿ.

```
A · R^(2/3) = Q·n/√S = 10 × 0.025 / 0.02 = 12.5
```

ಈ 12.5ಕ್ಕೆ K ಅಂತ ಹೆಸರಿಡೋಣ. ಇಲ್ಲೇ ಸಿಕ್ಕಿಕೊಳ್ಳುವುದು. ಆಳ y, A ಒಳಗೂ ಇದೆ, P ಒಳಗೂ ಇದೆ, ಅವೆರಡೂ 5/3, 2/3 ಅಂತ ಘಾತ ಹೊತ್ತುಕೊಂಡು ಕೂತಿವೆ. ಎಷ್ಟೇ ಎಳೆದಾಡಿದರೂ y ಒಂದನ್ನೇ ಹೊರಗೆ ತೆಗೆಯೋಕೆ ಆಗಲ್ಲ.

ಸರಿ, ಊಹೆ ಮಾಡೋಣ. y = 1 ಅಂದರೆ ಎಡಗಡೆ ಸುಮಾರು 3.48. ತುಂಬಾ ಕಡಿಮೆ. y = 2 ಅಂದರೆ 13.36. ಸ್ವಲ್ಪ ಜಾಸ್ತಿ ಆಯ್ತು. 1.9 ಹಾಕಿದರೆ 12.05. ಅಲ್ಲಿಗೆ ಉತ್ತರ 1.9 ಮತ್ತು 2ರ ಮಧ್ಯೆ ಸಿಕ್ಕಿಬಿತ್ತು. ಎರಡರ ನಡುವೆ ನೇರ ಗೆರೆ ಎಳೆದಂತೆ ಲೆಕ್ಕ ಹಾಕಿದರೆ 1.934. ಪರೀಕ್ಷೆಯಲ್ಲಿ ಇಷ್ಟೇ ಸಾಕು. ಒಂದು ಸಮಾಧಾನ ಏನೆಂದರೆ, ಈ ಆಕಾರದಲ್ಲಿ ಆಳ ಹೆಚ್ಚಿದಷ್ಟೂ ಎಡಗಡೆ ಹೆಚ್ಚುತ್ತಲೇ ಹೋಗುತ್ತದೆ, ಹಾಗಾಗಿ ಉತ್ತರ ಒಂದೇ. ದುಂಡು ಪೈಪಿನಲ್ಲಿ ಹೀಗಲ್ಲ, ಅದು ತುಂಬುವ ಹತ್ತಿರ ಬಂದಾಗ ಒಂದೇ ಹರಿವಿಗೆ ಎರಡು ಆಳ ಬರುವುದುಂಟು.

[ಸ್ಕ್ರೀನ್: ಎರಡು ಸಮೀಕರಣ ಪಕ್ಕಪಕ್ಕ]

ಆದರೆ ಇದನ್ನು ಕಂಪ್ಯೂಟರಿಗೆ ಕೊಡಬೇಕು ಅಂದಾಗ ಜನ ಸಾಮಾನ್ಯವಾಗಿ ಸೂತ್ರವನ್ನು "y ಸಮ ಏನೋ ಒಂದು" ಅನ್ನುವ ರೂಪಕ್ಕೆ ತಿರುಗಿಸುತ್ತಾರೆ. ಬಲಗಡೆ ಹಳೆಯ y ಹಾಕು, ಎಡಗಡೆ ಹೊಸ y ಬರುತ್ತದೆ, ಅದನ್ನು ಮತ್ತೆ ಬಲಗಡೆ ಹಾಕು. ಹೀಗೆ ತಿರುಗಿಸೋಕೆ ಎರಡು ದಾರಿ ಇದೆ. ಎರಡೂ ಗಣಿತದ ಪ್ರಕಾರ ಸರಿ. ಒಂದು ಮಾತ್ರ ಕೆಲಸ ಮಾಡುತ್ತದೆ.

ಮೊದಲು ಕೆಟ್ಟ ದಾರಿ. P ಒಳಗಿನ y ಹೊರಗೆ ತೆಗೆಯಿರಿ.

```
y = ( A^2.5 / K^1.5 − b ) / ( 2·√(1 + z²) )
```

2.0ರಿಂದ ಶುರು ಮಾಡೋಣ. ನಿಜವಾದ ಉತ್ತರಕ್ಕೆ ತುಂಬಾ ಹತ್ತಿರ ಅಲ್ವಾ, ಬರೀ 6 ಸೆಂಟಿಮೀಟರ್ ಚಿಲ್ಲರೆ ದೂರ. ಮೊದಲ ಸುತ್ತಿಗೆ 2.30. ಎರಡನೇ ಸುತ್ತಿಗೆ 4.47. ಮೂರನೆಯದು ಹೇಳಲ್ಲ ಬಿಡಿ, ನೀವೇ ಹಾಕಿ ನೋಡಿ. ಉತ್ತರದ ಬಾಗಿಲಲ್ಲಿ ನಿಂತಿದ್ದವನು ಊರು ಬಿಟ್ಟು ಓಡಿದ. ಕಾರಣ ಆ 2.5 ಘಾತ. ಆಳದಲ್ಲಿ ಸಣ್ಣ ತಪ್ಪಿದ್ದರೂ A ಅದನ್ನು ದೊಡ್ಡದು ಮಾಡುತ್ತದೆ, ಘಾತ ಇನ್ನಷ್ಟು ಉಬ್ಬಿಸುತ್ತದೆ. ಈ ಕಾಲುವೆಯಲ್ಲಿ ಉತ್ತರದ ಹತ್ತಿರ ತಪ್ಪು ಪ್ರತಿ ಸುತ್ತಿಗೆ ಐದು ಪಟ್ಟಿಗಿಂತ ಜಾಸ್ತಿ ಬೆಳೆಯುತ್ತದೆ.

ಈಗ ಒಳ್ಳೆಯ ದಾರಿ. A ಒಳಗಿನ y ಹೊರಗೆ ತೆಗೆಯಿರಿ.

```
y = K^0.6 · P^0.4 / (b + z·y)
```

ಈ ಸಲ ಬೇಕಂತಲೇ ಕೆಟ್ಟ ಊಹೆ, y = 1. ಮೊದಲ ಸುತ್ತಿಗೆ 2.152. ಆಮೇಲೆ 1.890. ಆಮೇಲೆ 1.945, 1.933. ಒಮ್ಮೆ ಮೇಲೆ, ಒಮ್ಮೆ ಕೆಳಗೆ, ತೂಗುತ್ತಾ ತೂಗುತ್ತಾ 1.935ರ ಆಸುಪಾಸಿಗೆ ಬಂದು ನಿಲ್ಲುತ್ತದೆ. ಇಲ್ಲಿ P ಮೇಲಿರುವುದು 0.4 ಘಾತ, ತಪ್ಪನ್ನು ಕುಗ್ಗಿಸುವ ಘಾತ. y ಜಾಸ್ತಿ ಹಾಕಿದರೆ ಕೆಳಗಿನ ಭಾಜಕವೂ ಜಾಸ್ತಿಯಾಗಿ ವಾಪಸ್ ಎಳೆಯುತ್ತದೆ. ಪ್ರತಿ ಸುತ್ತಿಗೆ ತಪ್ಪು ಸುಮಾರು ಐದನೇ ಒಂದು ಭಾಗಕ್ಕೆ ಇಳಿಯುತ್ತದೆ. ಅಲ್ಲಿ ಐದು ಪಟ್ಟು ಹತ್ತುತ್ತಿತ್ತು, ಇಲ್ಲಿ ಐದನೇ ಒಂದಕ್ಕೆ ಇಳಿಯುತ್ತದೆ. ಎರಡೂ ಕಡೆ ಐದೇ ಬಂದದ್ದು ಮಾತ್ರ ಕಾಕತಾಳೀಯ, ಇಲ್ಲಿ ಭಾಜಕದಲ್ಲೂ ಹಳೆಯ y ಇರುವುದರಿಂದ ಇದು ಮೊದಲ ದಾರಿಯನ್ನೇ ಹಿಂದುಮುಂದು ಓಡಿಸಿದ್ದಲ್ಲ.

```
Q, b, z, n, S = 10, 3, 1.5, 0.025, 0.0004
K = Q * n / S**0.5
y = 1
for i in range(8):
    P = b + 2 * y * (1 + z*z)**0.5
    y = K**0.6 * P**0.4 / (b + z*y)
    print(i + 1, round(y, 3))
```

ಆಳ 1.94 ಮೀಟರ್ ಅಂತ ಇಟ್ಟುಕೊಳ್ಳಿ. ವಿಸ್ತೀರ್ಣ 11.4 ಚದರ ಮೀಟರ್, ವೇಗ ಸೆಕೆಂಡಿಗೆ 0.88 ಮೀಟರ್. ಫ್ರೌಡ್ ಸಂಖ್ಯೆ, ಅಂದ್ರೆ ನೀರಿನ ವೇಗವನ್ನು ಅದರ ಮೇಲೆ ಸಣ್ಣ ಅಲೆ ಹೋಗುವ ವೇಗದಿಂದ ಭಾಗಿಸಿದ್ದು, ಸುಮಾರು 0.25. ಒಂದಕ್ಕಿಂತ ಕಡಿಮೆ, ಹಾಗಾಗಿ ನೀರು ನಿಧಾನವಾಗಿ, ಶಾಂತವಾಗಿ ಹರಿಯುತ್ತಿದೆ. ಈ ಕೊನೇ ಸಂಖ್ಯೆ ಸುಮ್ನೆ ಹೇಳಿದ್ದಲ್ಲ, ಸ್ವಲ್ಪ ಹೊತ್ತಿಗೆ ಬೇಕಾಗುತ್ತದೆ.

[ಸ್ಕ್ರೀನ್: ಅದೇ ಕಾಲುವೆ, ಪಕ್ಕಗಳಲ್ಲಿ ಕಳೆ ಬೆಳೆದ ಚಿತ್ರ]

ಈಗ n ವಿಷಯ. ಕೆಲವರು ಆಳವನ್ನು 1.9351 ಅಂತ ನಾಲ್ಕು ದಶಾಂಶದವರೆಗೆ ಬರೆಯುತ್ತಾರೆ. ನಗು ಬರುತ್ತದೆ. ಆ 0.025 ಅನ್ನುವುದನ್ನು ನಾವು ಕೋಷ್ಟಕ ನೋಡಿ ಅಂದಾಜಿನಲ್ಲಿ ಆರಿಸಿದ್ದು! ಕಾಲುವೆಯಲ್ಲಿ ಕಳೆ ಬೆಳೆದು n 0.035 ಆದರೆ K 17.5 ಆಗುತ್ತದೆ, ಆಳ 2.28 ಮೀಟರ್ ಆಗುತ್ತದೆ. ನೀರು ಅಷ್ಟೇ, ಇಳಿಜಾರು ಅಷ್ಟೇ, ಆದರೆ ಮಟ್ಟ 35 ಸೆಂಟಿಮೀಟರ್ ಏರಿತು. ನೀರಿನ ಮಟ್ಟದ ಮೇಲೆ ಏರಿಗೆ ಬಿಟ್ಟ ಹೆಚ್ಚುವರಿ ಎತ್ತರ, ಅಂದ್ರೆ ಫ್ರೀಬೋರ್ಡ್‌ನಲ್ಲಿ ದೊಡ್ಡ ಪಾಲು ಇದೇ ತಿಂದುಹಾಕುತ್ತದೆ. ಅದೇ ಕಾಲುವೆಗೆ ಕಾಂಕ್ರೀಟ್ ಲೈನಿಂಗ್ ಮಾಡಿ n 0.015 ಅಂತ ಹಿಡಿದರೆ ಆಳ 1.5 ಮೀಟರ್ ಅಷ್ಟೇ. ಹಾಗಾಗಿ ನಾನು ಯಾವತ್ತೂ ಒಂದು n ಹಾಕಿ ನಿಲ್ಲಿಸಲ್ಲ. ಶುಚಿಯಾಗಿದ್ದಾಗ ಒಂದು, ಕಳೆ ಬೆಳೆದಾಗ ಒಂದು, ಎರಡಕ್ಕೂ ಆಳ ತೆಗೆಯುತ್ತೇನೆ. ಏರಿಯ ಎತ್ತರ ಎರಡನೆಯದರ ಮೇಲೆ, ತಳ ಕೊರೆಯುತ್ತದಾ ಅನ್ನುವ ವೇಗದ ತಪಾಸಣೆ ಮೊದಲನೆಯದರ ಮೇಲೆ.

ಕೊನೆಗೆ, ಕಾಲುವೆ ಹತ್ತಿರ ಹೋಗಿ ಕೋಲು ಇಟ್ಟು ಅಳೆದಿರಿ ಅಂತ ಇಟ್ಟುಕೊಳ್ಳಿ. ಲೆಕ್ಕ 1.94 ಅನ್ನುತ್ತದೆ, ಕೋಲು 2.3 ತೋರಿಸುತ್ತದೆ. ತಕ್ಷಣ "n ತಪ್ಪು, 0.035 ಇರಬೇಕು" ಅಂತ ತಿದ್ದಿಬಿಡೋಕೆ ಕೈ ತುರಿಸುತ್ತದೆ. ನಿಲ್ಲಿ. ಶಾಂತ ಹರಿವಿನಲ್ಲಿ ಕೆಳಗಿನ ಅಡ್ಡಿಯ ಸುದ್ದಿ ಮೇಲಕ್ಕೆ ಮುಟ್ಟುತ್ತದೆ, ಫ್ರೌಡ್ ಸಂಖ್ಯೆ ಒಂದಕ್ಕಿಂತ ಕಡಿಮೆ ಇತ್ತಲ್ಲ, ಅದರ ಅರ್ಥ ಇದೇ. ಕೆಳಗಡೆ ಒಂದು ಗೇಟು ಅರ್ಧ ಮುಚ್ಚಿದ್ದರೂ ನೀರು ಹಿಂದಕ್ಕೆ ಒತ್ತಿಕೊಂಡು ಮೇಲಕ್ಕೆ ದೂರದವರೆಗೆ ಆಳ ಹೆಚ್ಚಿರುತ್ತದೆ. ಆಗ ಅದು ಯೂನಿಫಾರ್ಮ್ ಫ್ಲೋ ಅಲ್ಲವೇ ಅಲ್ಲ.

ಹೇಗೆ ಗೊತ್ತಾಗುತ್ತದೆ? ಒಂದು ಕಿಲೋಮೀಟರ್ ಅಂತರದಲ್ಲಿ ಎರಡು ಕಡೆ ಅಳೆಯಿರಿ. ಎರಡೂ ಕಡೆ 2.3 ಬಂದರೆ ನೀರಿನ ಮಟ್ಟವೂ ತಳದಂತೆ 40 ಸೆಂಟಿಮೀಟರ್ ಇಳಿದಿದೆ ಅಂತಾಯಿತು, ಆಗ n ಮೇಲೆ ಅನುಮಾನ ಪಡಿ. ಮೇಲ್ಗಡೆ 2.2, ಕೆಳಗಡೆ 2.4 ಬಂದರೆ ನೀರಿನ ಮಟ್ಟ ಇಳಿದದ್ದು ಬರೀ 20 ಸೆಂಟಿಮೀಟರ್. ಆಗ n ಮುಟ್ಟಬೇಡಿ, ಕಾಲುವೆ ಗುಂಟ ಕೆಳಗೆ ನಡೆದುಕೊಂಡು ಹೋಗಿ ಗೇಟು ನೋಡಿ.

[ಸ್ಕ್ರೀನ್: ಎರಡು ಅಳತೆ ಕೋಲು, ಅರ್ಧ ಮುಚ್ಚಿದ ಗೇಟು. ವಿಡಿಯೋ ಮುಗಿಯುತ್ತದೆ]