ವೈಟ್ ಬೋರ್ಡ್ ಕಾರು, ಬಾಡಿಗೆ ದುಡ್ಡು ಮತ್ತು ವಿಮೆ

ಕೇಳುಗರೇ, ನಮಸ್ಕಾರ.

ಸ್ವಂತ ಕಾರಿನ ಪಾಲಿಸಿ ಮನೆಯಲ್ಲಿದ್ದರೆ ತೆಗೆದು ನೋಡಿ. ಅದರಲ್ಲಿ ‘ಲಿಮಿಟೇಶನ್ಸ್ ಆ್ಯಸ್ ಟು ಯೂಸ್’ ಅಂತ ಒಂದು ತಲೆಬರಹ ಇರುತ್ತದೆ. ಅದರ ಕೆಳಗೆ ವಿಮೆ ಯಾವ ಬಳಕೆಗೆ ಅನ್ವಯಿಸುವುದಿಲ್ಲ ಅನ್ನುವುದನ್ನು ಬರೆದಿರುತ್ತಾರೆ. ಮೊದಲಿಗೆ ಬರುವುದೇ ‘ಹೈರ್ ಆರ್ ರಿವಾರ್ಡ್’, ಅಂದರೆ ಬಾಡಿಗೆ ಅಥವಾ ಪ್ರತಿಫಲಕ್ಕೆ ಓಡಿಸುವುದು. ತಿಂಗಳಿಗೊಮ್ಮೆಯಾದರೆ ಪರವಾಗಿಲ್ಲ, ಪರಿಚಯದವರಾದರೆ ನಡೆಯುತ್ತದೆ ಅನ್ನುವ ವಿನಾಯಿತಿ ಅಲ್ಲಿ ಇರುವುದಿಲ್ಲ.

ಒಂದು ಸನ್ನಿವೇಶ ಇಟ್ಟುಕೊಳ್ಳೋಣ. ಕೊಪ್ಪಳದ ಒಬ್ಬರದು ವೈಟ್ ಬೋರ್ಡ್ ಕಾರು. ಓಣಿಯ ಒಂದು ಕುಟುಂಬವನ್ನು 4,500 ರೂಪಾಯಿಗೆ ಮಾತಾಡಿ ಮಂತ್ರಾಲಯಕ್ಕೆ ಕರೆದುಕೊಂಡು ಹೊರಟರು. ಸಿಂಧನೂರು ದಾಟಿದ ಮೇಲೆ ಬೈಕಿಗೆ ಡಿಕ್ಕಿ ಹೊಡೆದು ಕಾರು ಗದ್ದೆಗೆ ಇಳಿಯಿತು. ಬೈಕ್ ಸವಾರನಿಗೂ ಕಾರಿನಲ್ಲಿದ್ದ ಇಬ್ಬರಿಗೂ ಪೆಟ್ಟಾಯಿತು. ಅಪಘಾತ ಒಂದೇ ಆದರೂ ಇಲ್ಲಿ ಪರಿಹಾರದ ಲೆಕ್ಕ ಮೂರು ದಾರಿ ಹಿಡಿಯುತ್ತದೆ.

ಮೊದಲನೆಯದು ಕಾರಿನ ರಿಪೇರಿ. ಸವಕಳಿ ಎಲ್ಲಾ ಕಳೆದು 1,80,000 ರೂಪಾಯಿ ಸಿಗಬೇಕಿತ್ತು ಅನ್ನಿ. ಬಳಕೆಯ ಷರತ್ತು ಮುರಿದಿದೆ ಎಂದು ಕಂಪನಿ ಕ್ಲೇಮನ್ನು ಪೂರ್ತಿ ತಿರಸ್ಕರಿಸಬಹುದು. ಬಂಪರ್ ಟು ಬಂಪರ್ ಅನ್ನುವ ಹೆಚ್ಚುವರಿ ವಿಮೆ ಮಾಡಿಸಿದ್ದರೂ ಉಪಯೋಗವಿಲ್ಲ. ಅದು ಸವಕಳಿಯನ್ನು ತಪ್ಪಿಸುತ್ತದೆಯೇ ಹೊರತು ಬಾಡಿಗೆಯ ಷರತ್ತನ್ನು ತೆಗೆಯುವುದಿಲ್ಲ. ಆದರೆ ಖಾಸಗಿ ವಾಹನವನ್ನು ಬಾಡಿಗೆಗೆ ಓಡಿಸಿದ ಪ್ರಕರಣಗಳಲ್ಲಿ ಸುಪ್ರೀಂ ಕೋರ್ಟ್ 2008ರಲ್ಲೂ 2010ರಲ್ಲೂ ಒಂದು ಮಾತು ಹೇಳಿದೆ: ಇಷ್ಟಕ್ಕೇ ಕ್ಲೇಮನ್ನು ಸಂಪೂರ್ಣ ಕೈಬಿಡುವಂತಿಲ್ಲ, ‘ನಾನ್ ಸ್ಟ್ಯಾಂಡರ್ಡ್’ ಲೆಕ್ಕದಲ್ಲಿ, ಅಂದರೆ ಒಂದಷ್ಟು ಕಡಿತ ಮಾಡಿ, ಇತ್ಯರ್ಥ ಮಾಡಬೇಕು. ಆ ಲೆಕ್ಕದಲ್ಲಿ ಶೇಕಡಾ 75ರವರೆಗೆ ಕೊಡಬಹುದು. ನಮ್ಮ ಉದಾಹರಣೆಯಲ್ಲಿ ಅದು 1,35,000. ಅಲ್ಲಿಗೆ ಬಾಡಿಗೆಯಾಗಿ ಬಂದ 4,500ಕ್ಕೆ ಕೈಬಿಟ್ಟು ಹೋದದ್ದು 45,000, ಅದೂ ಅಲೆದಾಡಿ ಗೆದ್ದರೆ.

ಎರಡನೆಯದು ಬೈಕ್ ಸವಾರನ ಪರಿಹಾರ. ಇಂಥ ಕಡೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ ಹಲವು ಸಲ ಕಂಪನಿಯಿಂದಲೇ ಮೊದಲು ಕೊಡಿಸಿ, ಆಮೇಲೆ ಮಾಲೀಕನಿಂದ ವಸೂಲು ಮಾಡಿಕೊಳ್ಳಲು ಬಿಡುತ್ತದೆ. ಸವಾರನಿಗೆ ದುಡ್ಡು ಸಿಗುತ್ತದೆ, ಮಾಲೀಕನ ತಲೆಯಿಂದ ಸಾಲ ಇಳಿಯುವುದಿಲ್ಲ.

ಮೂರನೆಯದು ಕಾರಿನಲ್ಲಿ ಕೂತವರದು. ನನ್ನ ಲೆಕ್ಕದಲ್ಲಿ ನಿಜವಾದ ಅಪಾಯ ಇರುವುದು ಇಲ್ಲೇ. ಸ್ವಂತ ಕಾರಿನ ಹಾನಿಗೂ ಬೇರೆಯವರ ಪರಿಹಾರಕ್ಕೂ ಸೇರಿಸಿ ಮಾಡಿಸುವ ಪ್ಯಾಕೇಜ್ ಪಾಲಿಸಿ ಕಾರಿನೊಳಗಿನವರನ್ನೂ ರಕ್ಷಿಸುತ್ತದೆ, ಆದರೆ ಬಾಡಿಗೆ ಕೊಟ್ಟು ಕೂತವರನ್ನಲ್ಲ. ಹಾಗಾಗಿ ಅವರ ಪರಿಹಾರ ಮಾಲೀಕನ ಕೊರಳಿಗೆ ಬರುವ ಸಂಭವ ಹೆಚ್ಚು. ಕಟ್ಟದಿದ್ದರೆ ಮೋಟಾರು ವಾಹನ ಕಾಯ್ದೆಯ 174ನೇ ಸೆಕ್ಷನ್ ಪ್ರಕಾರ ಭೂಕಂದಾಯದ ಬಾಕಿಯಂತೆ ವಸೂಲು ಮಾಡಬಹುದು. ಹೊಲಮನೆಗೆ ಬರುವ ಮಾತು ಅದು. ಓಡಿಸುತ್ತಿದ್ದ ಮಾಲೀಕನೇ ತೀರಿಕೊಂಡರೆ ಅವನ ಮನೆಯವರಿಗೆ ಬರಬೇಕಾದ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆಗೂ ಇದೇ ಷರತ್ತು ಅಡ್ಡ ಬರುತ್ತದೆ.

ಬಾಡಿಗೆ ಅಂತ ಕಂಪನಿಗೆ ಹೇಗೆ ಗೊತ್ತಾಗುತ್ತದೆ? ಗಾಯಾಳು ಆಸ್ಪತ್ರೆಯಲ್ಲಿ ಪೊಲೀಸರ ಮುಂದೆ ‘ಬಾಡಿಗೆ ಗಾಡಿ ಮಾಡ್ಕೊಂಡು ಹೊಂಟಿದ್ವಿ’ ಅಂದಿರುತ್ತಾನೆ. ಫೋನ್‌ನಲ್ಲಿ ದುಡ್ಡು ಹಾಕುವಾಗ ‘ಕಾರ್ ರೆಂಟ್’ ಅಂತ ಬರೆದಿರುತ್ತಾರೆ. ಕಂಪನಿಯ ತನಿಖೆಗಾರ ಓಣಿಗೇ ಬಂದು ವಿಚಾರಿಸುತ್ತಾನೆ. ಕ್ಲೇಮ್ ಫಾರಂನಲ್ಲಿ ಪ್ರಯಾಣದ ಉದ್ದೇಶ ಕೇಳಿದ ಕಡೆ ‘ಸಂಬಂಧಿಕರು’ ಅಂತ ಬರೆದು ಪೊಲೀಸ್ ಹೇಳಿಕೆಯಲ್ಲಿ ಬೇರೆ ಬಂದರೆ, ಸುಳ್ಳು ಹೇಳಿದ್ದೇ ತಿರಸ್ಕಾರಕ್ಕೆ ಇನ್ನೊಂದು ಕಾರಣವಾಗುತ್ತದೆ.

ಹಾಗಾದರೆ ಬಳ್ಳಾರಿಯಿಂದ ತೋರಣಗಲ್ಲಿಗೆ ನಾಲ್ಕು ಜನ ಒಂದೇ ಕಾರಿನಲ್ಲಿ ಕೆಲಸಕ್ಕೆ ಹೋದರೆ? ಹೋಗಿಬರಲು 64 ಕಿಲೋಮೀಟರ್, ಲೀಟರಿಗೆ 16 ಮೈಲೇಜ್ ಅಂದರೆ 4 ಲೀಟರ್. ಲೀಟರಿಗೆ 100 ರೂಪಾಯಿ ಹಿಡಿದರೆ 400. ಓಡಿಸುವವರನ್ನೂ ಸೇರಿಸಿ ತಲೆಗೆ 100 ಬಂದರೆ ಅದು ಖರ್ಚಿನ ಹಂಚಿಕೆ. ಉಳಿದ ಮೂವರಿಂದ ತಲಾ 200 ತೆಗೆದುಕೊಂಡರೆ 600 ಕೈಗೆ ಬಂತು. ಪೆಟ್ರೋಲ್ ಕಳೆದು 200 ಉಳಿಯಿತು. ಅದನ್ನು ಬಾಡಿಗೆಯಲ್ಲ ಎಂದು ವಾದಿಸುವುದು ಕಷ್ಟ. ಬರೀ ಹಂಚಿಕೆ ನಡೆಯುತ್ತದೆ ಅನ್ನುವ ಸಾಲೂ ಪಾಲಿಸಿಯಲ್ಲಿ ಇಲ್ಲದಿರುವುದರಿಂದ, ಕಂಪನಿಗೆ ಇಮೇಲ್ ಬರೆದು ಉತ್ತರ ತರಿಸಿಕೊಳ್ಳಿ. ಏಜೆಂಟ್ ಬಾಯಿಮಾತಿನಲ್ಲಿ ‘ಏನಾಗಲ್ಲ ಬಿಡ್ರಿ’ ಅಂದದ್ದು ದಾಖಲೆಯಾಗುವುದಿಲ್ಲ. ಪೆಟ್ರೋಲ್ ಚೀಟಿ, ಯಾರು ಎಷ್ಟು ಕೊಟ್ಟರು ಅನ್ನುವ ಲೆಕ್ಕ ಇಟ್ಟಿರಿ. ಅಪರಿಚಿತರನ್ನು ದುಡ್ಡಿಗೆ ಹತ್ತಿಸಿಕೊಳ್ಳಬೇಡಿ. ಬಾಡಿಗೆಯೇ ಬೇಕೆಂದರೆ ಆರ್‌ಟಿಒದಲ್ಲಿ ಯೆಲ್ಲೋ ಬೋರ್ಡಿಗೆ ಬದಲಿಸಿ, ಪರ್ಮಿಟ್ ಪಡೆದು, ಟ್ಯಾಕ್ಸಿ ಪಾಲಿಸಿ ಮಾಡಿಸಬೇಕು.

ಈಗಾಗಲೇ ಕ್ಲೇಮ್ ತಿರಸ್ಕಾರವಾಗಿದ್ದರೆ, ಯಾವ ಷರತ್ತಿನಡಿ ಎಂದು ಬರಹದಲ್ಲಿ ಕೇಳಿ. ಕಂಪನಿಯ ದೂರು ವಿಭಾಗಕ್ಕೆ ಬರೆದು, ನಾನ್ ಸ್ಟ್ಯಾಂಡರ್ಡ್ ಲೆಕ್ಕದಲ್ಲಿ ಪರಿಗಣಿಸಿ ಎಂದು ಹೆಸರು ಹಿಡಿದೇ ಕೇಳಿ. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್‌ಗೆ ಒಂದು ವರ್ಷದೊಳಗೆ ದೂರು ಕೊಡಬಹುದು, ಶುಲ್ಕವಿಲ್ಲ. ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಲು ಎರಡು ವರ್ಷ ಅವಕಾಶವಿದೆ.