ಕೂಡಿಸಿದರೆ ತಿರುಗಿ ಬೀಳುವ ಲೆಕ್ಕ

ಕೇಳುಗರಿಗೆ ನಮಸ್ಕಾರ. ಒಂದು ಹಾಳೆ, ಒಂದು ಪೆನ್ನು ಹತ್ತಿರ ಇಟ್ಟುಕೊಳ್ಳಿ. ನಾನು ಇವತ್ತು ಹೇಳುವುದು ಒಂದೇ ಮಾತು. ಒಟ್ಟು ಶೇಕಡಾ ನಂಬುವ ಮೊದಲು, ಯಾರು ಯಾವ ಕಡೆ ಹೋಗಿದ್ದರು ಅಂತ ಕೇಳಿ.

ಇಂಗ್ಲೆಂಡಿನ ವೈದ್ಯರು 1986ರಲ್ಲಿ ಒಂದು ಲೆಕ್ಕ ಪ್ರಕಟಿಸಿದರು. ಕಿಡ್ನಿಯ ಕಲ್ಲು ತೆಗೆಯುವ ಎರಡು ದಾರಿಗಳ ಹೋಲಿಕೆ ಅದು. ಒಂದು ಹಳೆಯದು, ಕೊಯ್ದು ಮಾಡುವ ಆಪರೇಷನ್. ಇನ್ನೊಂದು ಆಗಿನ ಕಾಲಕ್ಕೆ ಹೊಸದು, ಚರ್ಮದಲ್ಲಿ ಸಣ್ಣ ತೂತು ಮಾಡಿ ಕಲ್ಲು ತೆಗೆಯುವುದು. ಎರಡೂ ಕಡೆ 350 ರೋಗಿಗಳು. ಹಳೆಯದರಲ್ಲಿ 273 ಮಂದಿಗೆ ಗುಣವಾಯಿತು, ಶೇಕಡಾ 78. ಹೊಸದರಲ್ಲಿ 289 ಮಂದಿಗೆ, ಶೇಕಡಾ 83. ಹಾಗಾದರೆ ಹೊಸದೇ ಮೇಲು, ಅಲ್ವಾ?

ಈಗ ಹಾಳೆಯಲ್ಲಿ ನಾಲ್ಕು ಮನೆ ಮಾಡಿ. ಮೇಲಿನ ಸಾಲು ಸಣ್ಣ ಕಲ್ಲು, ಅಂದರೆ ಎರಡು ಸೆಂಟಿಮೀಟರಿಗಿಂತ ಕಡಿಮೆ. ಕೆಳಗಿನ ಸಾಲು ದೊಡ್ಡ ಕಲ್ಲು. ಎಡಕ್ಕೆ ಹಳೆಯ ದಾರಿ, ಬಲಕ್ಕೆ ಹೊಸದು. ನಿಧಾನವಾಗಿ ಬರೆದುಕೊಳ್ಳಿ.

ಸಣ್ಣ ಕಲ್ಲು: ಹಳೆಯದರಲ್ಲಿ 87 ಜನರಲ್ಲಿ 81 ಮಂದಿಗೆ ಗುಣ, ಶೇಕಡಾ 93. ಹೊಸದರಲ್ಲಿ 270ರಲ್ಲಿ 234, ಶೇಕಡಾ 87.

ದೊಡ್ಡ ಕಲ್ಲು: ಹಳೆಯದರಲ್ಲಿ 263ರಲ್ಲಿ 192, ಶೇಕಡಾ 73. ಹೊಸದರಲ್ಲಿ 80ರಲ್ಲಿ 55, ಶೇಕಡಾ 69.

ನೋಡಿ, ಎರಡೂ ಸಾಲಿನಲ್ಲಿ ಹಳೆಯದೇ ಮುಂದೆ! ಕೂಡಿಸಿದರೆ ಮಾತ್ರ ಹಿಂದೆ. ನಾನು ಇದನ್ನು ಮೊದಲ ಸಲ ನೋಡಿದಾಗ ಮೂರು ಸಲ ಕೂಡಿಸಿ ನೋಡಿದ್ದೆ. ಕೂಡಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಗುಟ್ಟು ಇರುವುದು ಶೇಕಡಾದಲ್ಲಿ ಅಲ್ಲ, ತಲೆ ಎಣಿಕೆಯಲ್ಲಿ. ದೊಡ್ಡ ಕಲ್ಲು ಯಾವ ದಾರಿಯಲ್ಲಿ ತೆಗೆದರೂ ಕಷ್ಟ. ಅಂಥ ರೋಗಿಗಳು ಹಳೆಯ ದಾರಿಯಲ್ಲಿ 263, ಹೊಸದರಲ್ಲಿ ಬರೀ 80. ಕಷ್ಟದ ಕೆಲಸವೆಲ್ಲ ಒಬ್ಬರ ಹೆಗಲಿಗೆ, ಸುಲಭದ್ದು ಇನ್ನೊಬ್ಬರಿಗೆ. ಅದಕ್ಕೇ ನಾನು ಮತ್ತೆ ಮತ್ತೆ ಹೇಳುವುದು, ಯಾರು ಯಾವ ಕಡೆ ಹೋದರು ಅಂತ ಕೇಳಿ.

ಎರಡೂ ಕಡೆ ಸಣ್ಣ ಕಲ್ಲು ಅರ್ಧ, ದೊಡ್ಡ ಕಲ್ಲು ಅರ್ಧ ಇದ್ದಿದ್ದರೆ? 93 ಮತ್ತು 73ರ ನಡುವಿನದು 83. 87 ಮತ್ತು 69ರ ನಡುವಿನದು 78. ಅದೇ ಎರಡು ಅಂಕಿ, ಜಾಗ ಮಾತ್ರ ಅದಲುಬದಲು. ಈ ಜಾಗಕ್ಕೆ ಬಂದಾಗಲೆಲ್ಲ ನನಗೆ ಖುಷಿಯಾಗುತ್ತದೆ.

ಸಮಯ ಮುಗಿಯುತ್ತಾ ಬಂತು, ಉಳಿದದ್ದನ್ನು ಬೇಗ ಹೇಳುತ್ತೇನೆ. ಇದಕ್ಕೆ ಸಿಂಪ್ಸನ್ ವಿರೋಧಾಭಾಸ ಅಂತ ಹೆಸರು. ಸಂಖ್ಯಾಶಾಸ್ತ್ರಜ್ಞ ಎಡ್ವರ್ಡ್ ಸಿಂಪ್ಸನ್ 1951ರಲ್ಲಿ ಇದರ ಬಗ್ಗೆ ಬರೆದರು, ಯೂಲ್ ಎಂಬವರು 1903ರಲ್ಲೇ ಗಮನಿಸಿದ್ದರು. ಹಾಗಂತ ಸಿಕ್ಕಿದ ಲೆಕ್ಕವನ್ನೆಲ್ಲ ಸುಮ್ನೆ ಗುಂಪುಗಳಾಗಿ ಒಡೆಯಬೇಡಿ. ಕಲ್ಲಿನ ಗಾತ್ರ ಚಿಕಿತ್ಸೆಗೆ ಮೊದಲೇ ಇತ್ತು, ಅದಕ್ಕೇ ಲೆಕ್ಕ ಒಡೆದದ್ದು ಸರಿ. ಮಾತ್ರೆ ತೆಗೆದುಕೊಂಡ ಮೇಲೆ ಇಳಿದ ರಕ್ತದೊತ್ತಡದ ಮೇಲೆ ರೋಗಿಗಳನ್ನು ಗುಂಪು ಮಾಡಿದರೆ, ಆ ಮಾತ್ರೆ ಮಾಡಿದ ಕೆಲಸವನ್ನೇ ಲೆಕ್ಕದಿಂದ ಅಳಿಸಿಹಾಕಿದ ಹಾಗಾಗುತ್ತದೆ. ನಮಸ್ಕಾರ.