ಮಾಲಿನ್ಯದ ಪಟ್ಟಿಗೆ ಇನ್ನೊಂದು ಕಾಲಂ

ಕೇಳುಗರಿಗೆ ನಮಸ್ಕಾರ.

ಎಫ್‌ಡಿಎ, ಎಸ್‌ಡಿಎ, ಪಿಡಿಓ ಪರೀಕ್ಷೆಗೆ ಓದುವವರ ನೋಟ್ಸ್ ತೆಗೆದರೆ ಪರಿಸರದ ಪಾಠದಲ್ಲಿ ಒಂದು ಪಟ್ಟಿ ಇದ್ದೇ ಇರುತ್ತದೆ. ನಾಲ್ಕು ಕಾಲಂ. ಮಾಲಿನ್ಯದ ವಿಧ, ಅದರ ಮೂಲ, ಪರಿಣಾಮ, ನಿಯಂತ್ರಣ. ಮೇಲಿಂದ ಕೆಳಕ್ಕೆ ಓದಿದರೆ ವಾಯು, ಜಲ, ಮಣ್ಣು, ಶಬ್ದ. ಜಲಮಾಲಿನ್ಯದ ಸಾಲಿನಲ್ಲಿ ಸಾಮಾನ್ಯವಾಗಿ ಹೀಗಿರುತ್ತದೆ: ಮೂಲ, ಕೈಗಾರಿಕೆ ಮತ್ತು ಚರಂಡಿ ನೀರು. ಪರಿಣಾಮ, ರೋಗ ಮತ್ತು ಮೀನುಗಳ ಸಾವು. ನಿಯಂತ್ರಣ, ಶುದ್ಧೀಕರಣ ಘಟಕ ಮತ್ತು 1974ರ ಜಲ ಕಾಯ್ದೆ.

ಇದರಲ್ಲಿ ತಪ್ಪೇನೂ ಇಲ್ಲ. ಒಂದು ಅಂಕದ ಪ್ರಶ್ನೆಗೆ ಸಾಕು. ಆದರೆ ಕೊಳಚೆಗೂ ಮೀನು ಸಾಯುವುದಕ್ಕೂ ಏನು ಸಂಬಂಧ, ಘಟಕದೊಳಗೆ ಏನಾಗುತ್ತದೆ ಎಂದು ಪ್ರಶ್ನೆ ಸ್ವಲ್ಪ ತಿರುಗಿಸಿ ಬಂದರೆ ಕೈ ನಿಂತುಬಿಡುತ್ತದೆ. ಯಾಕೆಂದರೆ ಪಟ್ಟಿಯಲ್ಲಿ ಒಂದು ಕಾಲಂ ಕಡಿಮೆ ಇದೆ. ಮೂಲ ಮತ್ತು ಪರಿಣಾಮದ ನಡುವೆ "ಯಾವ ವಸ್ತು" ಎಂಬ ಕಾಲಂ ಹಾಕಿಕೊಳ್ಳಿ. ಪೆನ್ಸಿಲ್ ಇದ್ದರೆ ಈಗಲೇ ಒಂದು ಗೆರೆ ಎಳೆಯಿರಿ. ಇವತ್ತು ಆ ಒಂದೇ ಕಾಲಂ ತುಂಬೋಣ. ಅದಕ್ಕೆ ನಮ್ಮದೇ ಬೆಂಗಳೂರಿನ ಬೆಳ್ಳಂದೂರು ಕೆರೆ ಸಾಕು.

ಬೆಳ್ಳಂದೂರು ಬೆಂಗಳೂರಿನ ಅತಿ ದೊಡ್ಡ ಕೆರೆ, ಸುಮಾರು 900 ಎಕರೆ. ಕೋರಮಂಗಲ ಮತ್ತು ಚಲ್ಲಘಟ್ಟ ಕಣಿವೆಯ ನೀರೆಲ್ಲ ಅಲ್ಲಿಗೆ ಇಳಿಯುತ್ತದೆ. ಅಲ್ಲಿಂದ ವರ್ತೂರು ಕೆರೆ, ಆಮೇಲೆ ದಕ್ಷಿಣ ಪಿನಾಕಿನಿ, ಆಮೇಲೆ ಹೊಸೂರಿನ ಕಡೆಯಿಂದ ತಮಿಳುನಾಡು. 2015ರ ಸುಮಾರಿಗೆ ಈ ಕೆರೆಯ ಕೋಡಿಯಲ್ಲಿ ಬಿಳಿ ನೊರೆ ಆಳೆತ್ತರ ಎದ್ದು, ಗಾಳಿಗೆ ಹಾರಿ, ರಸ್ತೆಯಲ್ಲಿ ಹೋಗುವವರ ಮೇಲೆ ಬೀಳುತ್ತಿತ್ತು. ಅದೇ ವರ್ಷ ನೊರೆಗೆ ಬೆಂಕಿಯೂ ಹತ್ತಿತು. 2017ರಲ್ಲಿ ಮತ್ತೆ ಬೆಂಕಿ. 2018ರ ಜನವರಿಯಲ್ಲಿ ಬೆಂಕಿ ಆರಿಸಲು ಸೈನಿಕರೂ ಬರಬೇಕಾಯಿತು. ನೀರಿನಲ್ಲಿ ಬೆಂಕಿ ಎಂದು ದೇಶವೆಲ್ಲ ಮಾತಾಡಿತು. ತುಂಬ ಜನ ಕೈಗಾರಿಕೆಯ ರಾಸಾಯನಿಕವೇ ಕಾರಣ ಎಂದುಕೊಂಡರು. ನಮ್ಮ ಪಟ್ಟಿಯಲ್ಲೂ ಅದೇ ಮೊದಲು ಇರುತ್ತದಲ್ವಾ? ಆದರೆ ಆ ಕೆರೆಗೆ ಬರುತ್ತಿದ್ದದ್ದರಲ್ಲಿ ಹೆಚ್ಚಿನ ಪಾಲು ಮನೆಗಳ ಕೊಳಚೆ. ಬಚ್ಚಲು, ಅಡುಗೆಮನೆ, ಶೌಚಾಲಯ, ವಾಷಿಂಗ್ ಮೆಷಿನ್.

ಮನೆ ಕೊಳಚೆ ಎಂದರೆ ಒಂದೇ ವಸ್ತುವಲ್ಲ. ಅದರಲ್ಲಿ ರೋಗಾಣುಗಳು ಇರುತ್ತವೆ, ಅವಕ್ಕೆ ಕ್ಲೋರಿನ್ ಅಥವಾ ಅತಿನೇರಳೆ ಬೆಳಕು ಮದ್ದು. ಅದನ್ನು ಅಲ್ಲಿಗೇ ಬಿಡೋಣ. ಉಳಿದ ಮೂರು ವಸ್ತುಗಳೇ ಬೆಳ್ಳಂದೂರಿನ ಕತೆ ಹೇಳುವುದು: ಕೊಳೆಯುವ ಪದಾರ್ಥ, ಸೋಪಿನ ಅಂಶ, ಗೊಬ್ಬರದ ಅಂಶ.

ಮೊದಲನೆಯದು ಕೊಳೆಯುವ ಪದಾರ್ಥ. ಮಲ, ಅನ್ನದ ಗಂಜಿ, ಎಣ್ಣೆ ಜಿಡ್ಡು. ಇದು ತಾನಾಗಿ ವಿಷವಲ್ಲ. ನೀರಿನ ಬ್ಯಾಕ್ಟೀರಿಯಾಗಳು ಇದನ್ನು ತಿನ್ನುತ್ತವೆ, ತಿನ್ನುವಾಗ ನೀರಿನಲ್ಲಿ ಕರಗಿದ ಆಮ್ಲಜನಕ ಬಳಸುತ್ತವೆ. ಎಷ್ಟು ಬಳಸುತ್ತವೆ ಎಂಬ ಅಳತೆಯೇ ನೀವು ಬಾಯಿಪಾಠ ಮಾಡುವ ಬಿಓಡಿ. ಬಿಓಡಿ ಎನ್ನುವುದು ಕೊಳೆಯ ತೂಕ ಅಲ್ಲ. ಆ ಕೊಳೆಯನ್ನು ತಿನ್ನಲು ಬೇಕಾದ ಆಮ್ಲಜನಕದ ತೂಕ. ಪುಸ್ತಕಗಳಲ್ಲಿ 20 ಡಿಗ್ರಿಯಲ್ಲಿ 5 ದಿನ ಇಟ್ಟು ಅಳೆಯಬೇಕು ಎಂದಿರುತ್ತದೆ. ನಮ್ಮ ದೇಶದಲ್ಲಿ 27 ಡಿಗ್ರಿಯಲ್ಲಿ 3 ದಿನದ ಪರೀಕ್ಷೆ ರೂಢಿಯಲ್ಲಿದೆ. ನಮ್ಮ ಸೆಕೆಗೆ ಬ್ಯಾಕ್ಟೀರಿಯಾ ಬೇಗ ಕೆಲಸ ಮುಗಿಸುತ್ತವೆ, ಅಷ್ಟೇ.

ಈಗ ಒಂದು ಸಣ್ಣ ಲೆಕ್ಕ ಹಾಕೋಣ. ಒಂದು ಲೀಟರ್ ಕೊಳಚೆಯ ಬಿಓಡಿ 250 ಮಿಲಿಗ್ರಾಂ ಎಂದಿಟ್ಟುಕೊಳ್ಳಿ. 200ರಿಂದ 300 ಮಾಮೂಲಿ. ನಮ್ಮ ಹವೆಯಲ್ಲಿ ಒಂದು ಲೀಟರ್ ಶುದ್ಧ ನೀರಿನಲ್ಲಿ ಕರಗಿರುವ ಆಮ್ಲಜನಕ ಸುಮಾರು 8 ಮಿಲಿಗ್ರಾಂ. 250ನ್ನು 8ರಿಂದ ಭಾಗಿಸಿ. 31 ಬರುತ್ತದೆ. ಅಂದರೆ ಒಂದು ಲೀಟರ್ ಕೊಳಚೆ 31 ಲೀಟರ್ ಒಳ್ಳೆ ನೀರಿನ ಉಸಿರನ್ನೆಲ್ಲ ಹೀರಬಲ್ಲದು. ಮೀನಿಗೆ ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ ಬೇಕು ಎಂದು ನಮ್ಮ ನೀರಿನ ದರ್ಜೆಗಳಲ್ಲಿ ಇದೆ. ಸ್ನಾನದ ನೀರಿಗೆ ಆಮ್ಲಜನಕ 5ಕ್ಕಿಂತ ಕಡಿಮೆ ಇರಬಾರದು, ಬಿಓಡಿ 3 ದಾಟಬಾರದು. ಈ ಮೂರು ಅಂಕಿ ನೆನಪಿದ್ದರೆ ಬಹುತೇಕ ಪ್ರಶ್ನೆ ದಾಟಬಹುದು.

ಆಮ್ಲಜನಕ ಪೂರ್ತಿ ಮುಗಿದರೆ ಕೊಳೆಯುವುದು ನಿಲ್ಲುವುದಿಲ್ಲ. ಬೇರೆ ಬಗೆಯ ಬ್ಯಾಕ್ಟೀರಿಯಾ ಕೆಲಸ ಹಿಡಿಯುತ್ತವೆ. ಅವು ಬಿಡುವುದು ಮೀಥೇನ್, ಮತ್ತು ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್. ಬೆಳ್ಳಂದೂರಿನ ಬೆಂಕಿಗೆ ಈ ಮೀಥೇನ್ ಒಂದು ವಿವರಣೆ. ಒಣಗಿದ ಕಳೆ ಮತ್ತು ಕಸಕ್ಕೆ ಕಿಡಿ ತಾಗಿದ್ದು ಇನ್ನೊಂದು. ಎರಡೂ ಒಂದನ್ನೊಂದು ತಳ್ಳಿಹಾಕುವುದಿಲ್ಲ.

ಇದಕ್ಕೆ ನಿಯಂತ್ರಣ ಏನು? ಕೆರೆಯಲ್ಲಿ ಆಗುವ ಕೆಲಸವನ್ನೇ ತೊಟ್ಟಿಯಲ್ಲಿ, ಯಂತ್ರದಿಂದ ಗಾಳಿ ಊದಿ ಮಾಡಿಸುವುದು. 1914ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ಹುಟ್ಟಿದ ವಿಧಾನ ಇದು. ಮೊದಲು ಜಾಲರಿಯಲ್ಲಿ ಕಸ ತೆಗೆಯುತ್ತಾರೆ, ಮರಳು ಇಳಿಸುತ್ತಾರೆ. ಆಮೇಲೆ ಗಾಳಿ ತೊಟ್ಟಿ. ಅಲ್ಲಿ ಬ್ಯಾಕ್ಟೀರಿಯಾ ತಿಂದು ಗುಂಪುಗುಂಪಾಗಿ ಬೆಳೆಯುತ್ತವೆ. ಮುಂದಿನ ತೊಟ್ಟಿಯಲ್ಲಿ ಆ ಗುಂಪು ಬಗ್ಗಡವಾಗಿ ತಳಕ್ಕೆ ಕೂರುತ್ತದೆ, ತಿಳಿ ನೀರು ಮೇಲಿಂದ ಹೊರಗೆ ಹೋಗುತ್ತದೆ. ಬಗ್ಗಡದ ಒಂದು ಪಾಲನ್ನು ವಾಪಸ್ ಗಾಳಿ ತೊಟ್ಟಿಗೆ ಬಿಡುತ್ತಾರೆ, ಹೆಪ್ಪಿಗೆ ಮೊಸರು ಉಳಿಸಿದ ಹಾಗೆ. ಚೆನ್ನಾಗಿ ನಡೆದರೆ 250 ಇದ್ದ ಬಿಓಡಿ 20ಕ್ಕಿಂತ ಕೆಳಗೆ ಬರುತ್ತದೆ.

ಚೆನ್ನಾಗಿ ನಡೆದರೆ ಎಂದೆ. ಅಪಾರ್ಟ್‌ಮೆಂಟಿನ ಘಟಕ ನೋಡುವ ಅವಕಾಶ ಸಿಕ್ಕರೆ ಮೂಗು, ಕಣ್ಣು ಎರಡೂ ಬಳಸಿ. ಗಾಳಿ ತೊಟ್ಟಿಯ ನೀರು ಕಂದು ಬಣ್ಣ ಇದ್ದು ಹಸಿಮಣ್ಣಿನ ವಾಸನೆ ಬಂದರೆ ಬ್ಯಾಕ್ಟೀರಿಯಾ ಆರೋಗ್ಯವಾಗಿವೆ. ಕಪ್ಪಾಗಿ ಕೊಳೆತ ಮೊಟ್ಟೆ ವಾಸನೆ ಬಂದರೆ ಗಾಳಿ ಸಾಲುತ್ತಿಲ್ಲ. ಕರೆಂಟ್ ಬಿಲ್ ಉಳಿಸಲು ಬ್ಲೋವರ್ ಆರಿಸುವುದು ಇದಕ್ಕೆ ಒಂದು ಮಾಮೂಲಿ ಕಾರಣ. ನಡೆಸುವವರು ಒಂದು ಲೀಟರ್ ಜಾಡಿಯಲ್ಲಿ ಆ ನೀರು ತುಂಬಿ 30 ನಿಮಿಷ ಅಲ್ಲಾಡಿಸದೆ ಇಡುತ್ತಾರೆ. ಬಗ್ಗಡ ಎಷ್ಟು ಗೆರೆಗೆ ಇಳಿಯಿತು, ಮೇಲಿನ ನೀರು ತಿಳಿಯಾಯಿತೇ ಎಂದು ನೋಡುತ್ತಾರೆ. ದಿನದ ಆರೋಗ್ಯ ತಿಳಿಯಲು ಅಷ್ಟು ಸಾಕು.

ಎರಡನೆಯ ವಸ್ತು ಸೋಪಿನ ಅಂಶ, ಅಂದರೆ ಡಿಟರ್ಜೆಂಟ್. ನೊರೆ ಬಂದದ್ದು ಇದರಿಂದ. ಆದರೆ ಒಂದು ಸಂಗತಿ ಗಮನಿಸಿ. ನೊರೆ ದಿನವೂ ಒಂದೇ ಸಮ ಇರುತ್ತಿರಲಿಲ್ಲ. ಜೋರು ಮಳೆ ಬಂದ ಮೇಲೆ ಜಾಸ್ತಿ. ಮಳೆ ನೀರು ಸೇರಿ ಕೊಳಚೆ ತೆಳುವಾದರೆ ನೊರೆ ಕಡಿಮೆ ಆಗಬೇಕಿತ್ತಲ್ವಾ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಇದಕ್ಕೆ ಕಾರಣ ಹುಡುಕಿದರು. ಈಗಿನ ಡಿಟರ್ಜೆಂಟನ್ನು ಬ್ಯಾಕ್ಟೀರಿಯಾ ತಿನ್ನಬಲ್ಲವು, ಆದರೆ ಆಮ್ಲಜನಕ ಇದ್ದರೆ ಮಾತ್ರ. ಕೆರೆಯಲ್ಲಿ ಆಮ್ಲಜನಕವೇ ಇಲ್ಲ. ಹಾಗಾಗಿ ಸೋಪಿನ ಅಂಶ ಕೊಳೆಗೆ ಅಂಟಿಕೊಂಡು ತಳದ ಹೂಳಿನಲ್ಲಿ ಸೇರುತ್ತಾ ಹೋಯಿತು. ಜೋರು ಮಳೆಯ ನೀರು ಹೂಳನ್ನು ಕಲಕಿತು. ಕೂಡಿಟ್ಟ ಸೋಪೆಲ್ಲ ಮತ್ತೆ ನೀರಿಗೆ ಬಂತು. ಕೋಡಿಯಲ್ಲಿ ಎತ್ತರದಿಂದ ಬಿದ್ದಾಗ ಗಾಳಿ ಸೇರಿ ನೊರೆಯಾಯಿತು.

ಹಾಗಾದರೆ ನಿಯಂತ್ರಣದ ಕಾಲಂನಲ್ಲಿ ಏನು ಬರೆಯಬೇಕು? ಕೊಳಚೆ ಕೆರೆಗೆ ಬರುವ ಮೊದಲೇ ಗಾಳಿ ಊದಿ ಶುದ್ಧಿ ಮಾಡುವುದು, ಜೊತೆಗೆ ಹಳೆಯ ಹೂಳು ತೆಗೆಯುವುದು. ನೊರೆಯ ಮೇಲೆ ನೀರು ಚಿಮುಕಿಸಿದರೆ ಅದು ಆ ಹೊತ್ತಿಗೆ ಕೂರುತ್ತದೆ, ಅಷ್ಟೇ. ಬೆಳ್ಳಂದೂರಿನಲ್ಲಿ ಹಸಿರು ನ್ಯಾಯಮಂಡಳಿಯ ಆದೇಶಗಳ ನಂತರ ಕೊಳಚೆಯನ್ನು ಬದಿಯ ಕಾಲುವೆಗೆ ತಿರುಗಿಸಿ ಹೂಳು ಎತ್ತುವ ಕೆಲಸ ಹಿಡಿದದ್ದು ಇದೇ ಲೆಕ್ಕದಿಂದ.

ಮೂರನೆಯ ವಸ್ತುವಿಗೆ ಹೋಗುವ ಮೊದಲು ಪಟ್ಟಿಯ ಬೇರೆ ಸಾಲುಗಳ ಬಗ್ಗೆ ಒಂದು ಮಾತು. ವಾಯುಮಾಲಿನ್ಯದ ಸಾಲಿಗೂ ಇದೇ ಕಾಲಂ ಬೇಕು. ರಾಯಚೂರಿನ ಶಾಖೋತ್ಪನ್ನ ಸ್ಥಾವರದಂಥ ಕಡೆ ವಿದ್ಯುತ್ ತಟ್ಟೆಗಳು ಚಿಮಣಿಯ ಹಾರುಬೂದಿಯನ್ನು ಹಿಡಿಯುತ್ತವೆ. ಆದರೆ ಗಂಧಕದ ಡೈಆಕ್ಸೈಡ್ ಅನಿಲ, ಅವು ಅದನ್ನು ಹಿಡಿಯಲಾರವು. ಅದಕ್ಕೆ ಸುಣ್ಣದಕಲ್ಲಿನ ನೀರು ಸಿಂಪಡಿಸುವ ಬೇರೆ ಗೋಪುರ ಬೇಕು. ಶಬ್ದದ ಸಾಲಿಗೆ ಈ ಕಾಲಂ ಬೇಕಿಲ್ಲ. ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಎಂದು ಬರೆದುಕೊಂಡು ಮುಂದೆ ಹೋಗಿ.

ಮೂರನೆಯ ವಸ್ತು ಗೊಬ್ಬರದ ಅಂಶ, ಸಾರಜನಕ ಮತ್ತು ರಂಜಕ. ಪಟ್ಟಿಗಳಲ್ಲಿ ಯೂಟ್ರೋಫಿಕೇಶನ್ ಎಂದು ಒಂದು ಪದ ಇರುತ್ತದೆ, ಅದು ಇದೇ. ಪಾಚಿ, ಅಂತರಗಂಗೆ ಕಳೆ ಹುಚ್ಚಾಪಟ್ಟೆ ಬೆಳೆಯುತ್ತವೆ. ಇಲ್ಲಿ ಒಂದು ತಮಾಷೆ ಇದೆ. ಪಾಚಿ ತುಂಬಿದ ಕೆರೆಯಲ್ಲಿ ಮಧ್ಯಾಹ್ನ ಆಮ್ಲಜನಕ ಅಳೆದರೆ ತುಂಬ ಚೆನ್ನಾಗಿ ಕಾಣುತ್ತದೆ, ಯಾಕೆಂದರೆ ಬಿಸಿಲಿನಲ್ಲಿ ಪಾಚಿ ಆಮ್ಲಜನಕ ಬಿಡುತ್ತದೆ. ರಾತ್ರಿ ಅದೇ ಪಾಚಿ ಆಮ್ಲಜನಕ ಹೀರುತ್ತದೆ. ಬೆಳಗಿನ ಜಾವಕ್ಕೆ ಅಳತೆ ನೆಲ ಕಚ್ಚಿರುತ್ತದೆ. ಕೊಳಚೆ ಸೇರಿದ ಕೆರೆಗಳಲ್ಲಿ ಮೀನು ಸತ್ತು ತೇಲುವುದು ಹೆಚ್ಚಾಗಿ ಬೆಳಗ್ಗೆಯೇ ಕಾಣುವುದು ಇದಕ್ಕೇ. ಕೆರೆಯ ಅಳತೆ ಕೇಳಿದಾಗ ಎಷ್ಟು ಹೊತ್ತಿಗೆ ತೆಗೆದ ಮಾದರಿ ಎಂದೂ ಕೇಳಬೇಕು.

ಈ ಮೂರನೆಯ ವಸ್ತುವಿನಲ್ಲೇ ನಮ್ಮ ಘಟಕಗಳು ಸೋಲುವುದು. ನಾನು ಹೇಳಿದ ಗಾಳಿ ತೊಟ್ಟಿ ಬಿಓಡಿ ಇಳಿಸುತ್ತದೆ, ಆದರೆ ರಂಜಕದ ಬಹುಪಾಲು ನೀರಿನಲ್ಲೇ ಉಳಿಯುತ್ತದೆ. ಕೊಳಚೆಯ ಸಾರಜನಕ ಹೆಚ್ಚಾಗಿ ಅಮೋನಿಯ ರೂಪದಲ್ಲಿ ಇರುತ್ತದೆ. ಅದು ನೈಟ್ರೇಟ್ ಆಗಿ ಬದಲಾಗಬಹುದು, ಹೋಗಿಬಿಡುವುದಿಲ್ಲ. ನೈಟ್ರೇಟನ್ನು ಸಾರಜನಕ ಅನಿಲ ಮಾಡಿ ಗಾಳಿಗೆ ಬಿಡಬೇಕಾದರೆ ಗಾಳಿ ಊದದ ಇನ್ನೊಂದು ತೊಟ್ಟಿ ಬೇಕು. ರಂಜಕಕ್ಕೆ ಪಟಿಕ ಅಥವಾ ಕಬ್ಬಿಣದ ಲವಣ ಹಾಕಿ ತಳಕ್ಕೆ ಇಳಿಸಬೇಕು. ಗಾಳಿ ತೊಟ್ಟಿಯ ಕೆಲಸಕ್ಕೆ ಎರಡನೇ ಹಂತ ಎನ್ನುತ್ತಾರೆ. ಇವೆಲ್ಲ ಅದರ ಆಚೆಯ ಮೂರನೇ ಹಂತದ ಕೆಲಸ, ಖರ್ಚೂ ಜಾಸ್ತಿ.

ಕೋಲಾರದ ಕೇಳುಗರಿಗೆ ಇದು ಹೊಸದಲ್ಲ. 2018ರಿಂದ ಇದೇ ಕೋರಮಂಗಲ ಚಲ್ಲಘಟ್ಟ ಕಣಿವೆಯ ನೀರು ಎರಡು ಹಂತ ಶುದ್ಧಿಯಾಗಿ ಅಲ್ಲಿನ ಕೆರೆಗಳಿಗೆ ಹರಿಯುತ್ತಿದೆ. ಆ ವರ್ಷವೇ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಕಾಣಿಸಿ, ವಿಷಯ ಹೈಕೋರ್ಟ್‌ಗೂ ಹೋಯಿತು. ಬತ್ತಿದ ಕೆರೆಗೆ ನೀರು ಬಂದದ್ದು ನಿಜ. ಮೂರನೇ ಹಂತವೂ ಆಗಲಿ ಎಂದು ಅಲ್ಲಿಯ ಜನ ಕೇಳುತ್ತಿರುವುದೂ ನಿಜ. ನನ್ನ ಮಟ್ಟಿಗೆ ಆ ಬೇಡಿಕೆ ನ್ಯಾಯವಾದದ್ದು. ಕೆರೆ ನೀರು ನೆಲಕ್ಕೆ ಇಂಗುತ್ತದೆ, ನೈಟ್ರೇಟ್ ಅದರ ಜೊತೆಗೇ ಇಳಿಯಬಲ್ಲದು, ಮತ್ತು ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ದಾಟಬಾರದು ಎಂಬುದು ನಮ್ಮ ಮಾನದಂಡ. ಹಾಗಾಗಿ ಕೆರೆ ಬದಿಯ ಬೋರ್‌ವೆಲ್ ನೀರು ಪರೀಕ್ಷೆಗೆ ಕಳಿಸುವಾಗ ಬಿಓಡಿ ಒಂದನ್ನೇ ಬರೆಸಬೇಡಿ. ನೈಟ್ರೇಟ್ ಕೂಡ ನೋಡಿ ಎಂದು ಚೀಟಿಯಲ್ಲಿ ಸೇರಿಸಿ.

ನಮಸ್ಕಾರ.